ಜ್ವರ ಬಿಟ್ಟ ಮೇಲೆ ವಾರಕ್ಕೆ 36 ಕಿಮೀ: ಶೀಟ್ 1.8 ಅನ್ನುತ್ತಿದೆ, ವಾಚ್ ಇನ್ನೂ ಓಡು ಅನ್ನುತ್ತಿದೆ. ಯಾರನ್ನು ನಂಬಲಿ?

ಕುಕ್ಕರಹಳ್ಳಿ_ಸುತ್ತು
ಎಲ್ಲರಿಗೂ ನಮಸ್ಕಾರ. ಮೈಸೂರಿನವನು, ವಯಸ್ಸು 38. ಓಡಲು ಶುರು ಮಾಡಿ ಎಂಟು ತಿಂಗಳಾಯಿತು. ಇನ್ನು ಏಳು ವಾರಕ್ಕೆ ನನ್ನ ಮೊದಲ ಹಾಫ್ ಮ್ಯಾರಥಾನ್.

ಕಳೆದ ನಾಲ್ಕು ವಾರದ ಲೆಕ್ಕ ಹೀಗಿದೆ: 34 ಕಿಮೀ, 36 ಕಿಮೀ, ಆಮೇಲೆ ವೈರಲ್ ಜ್ವರ ಬಂದು 8 ಕಿಮೀ, ಅದರ ಹಿಂದೆಯೇ ತಂಗಿ ಮದುವೆ, ಹಾಗಾಗಿ 0. ನಾಳೆ ಸೋಮವಾರದಿಂದ ಮತ್ತೆ ಶುರು. ಪ್ಲಾನ್ ಪ್ರಕಾರ ಈ ವಾರ 36, ಅದರಲ್ಲಿ ಭಾನುವಾರ ಒಂದೇ ಸಲಕ್ಕೆ 16.

ಈ ವಾರದ್ದು ಅಕ್ಯೂಟ್ ಲೋಡ್, ನಾಲ್ಕು ವಾರದ ಸರಾಸರಿ ಕ್ರಾನಿಕ್ ಲೋಡ್ ಅಂತ ಎಲ್ಲರೂ ಹೇಳುತ್ತಾರಲ್ಲ, ಅದನ್ನು ನಾನೇ ಶೀಟ್‌ನಲ್ಲಿ ಹಾಕಿ ನೋಡಿದೆ. ಈ ವಾರದ ಓಟವನ್ನು ನಾಲ್ಕು ವಾರದ ಸರಾಸರಿಯಿಂದ ಭಾಗಿಸಿದರೆ 1.8 ಬರುತ್ತದೆ. 1.5 ದಾಟಿದರೆ ಅಪಾಯ ಅಂತ ಎಲ್ಲೋ ಓದಿದ್ದೆ. ಆಫೀಸಿನ ಗೆಳೆಯ ಅದೇ ಅಂಕಿ ಹಾಕಿದರೆ 1.85 ಬರುತ್ತದೆ. ವಾಚ್ ನೋಡಿದರೆ ಲೋಡ್ ಕಡಿಮೆ ಇದೆ, ಇನ್ನೂ ಓಡು ಅನ್ನುತ್ತಿದೆ. ಮೈಯಲ್ಲಿ ಏನೂ ನೋವಿಲ್ಲ. ಏನು ಮಾಡಲಿ?

ರಾಗಿಮುದ್ದೆ_ಪವರ್
ನೋವಿಲ್ಲ ಅಂದಮೇಲೆ ಓಡಿ ಸಾರ್. ನಮ್ಮ ತಾತ ದಿನಾ ಹೊಲಕ್ಕೆ 10 ಕಿಮೀ ನಡೆದು ಹೋಗುತ್ತಿದ್ದರು. ಯಾವ ಶೀಟೂ ಇರಲಿಲ್ಲ.

ನಿಧಾನವೇ_ಪ್ರಧಾನ
@ರಾಗಿಮುದ್ದೆ_ಪವರ್ ನಿಮ್ಮ ತಾತ ದಿನಾ ನಡೆದರು. ಎರಡು ವಾರ ಮಲಗಿ ಎದ್ದು ಒಂದೇ ದಿನ 16 ಕಿಮೀ ಓಡಲಿಲ್ಲ. ದಿನಾ ಅಷ್ಟೇ ಮಾಡುವವರಿಗೆ ಈ ಲೆಕ್ಕದಲ್ಲಿ 1.0 ಬರುತ್ತದೆ. ತಾತನ ಶೀಟ್ ಫುಲ್ ಹಸಿರು :)

ಗಾಂಧಿಬಜಾರ್_ಜಾಗರ್
ಇದಕ್ಕೆಲ್ಲ ಒಂದೇ ರೂಲ್. ವಾರಕ್ಕೆ ಶೇಕಡ 10ಕ್ಕಿಂತ ಜಾಸ್ತಿ ಏರಿಸಬಾರದು. ಇದು ವಿಜ್ಞಾನ, ಚರ್ಚೆಯೇ ಬೇಡ.

ಕುಕ್ಕರಹಳ್ಳಿ_ಸುತ್ತು
ಸರಿ, ಆದರೆ ಕಳೆದ ವಾರ ನಾನು ಓಡಿದ್ದು 0. ಸೊನ್ನೆಯ ಮೇಲೆ ಶೇಕಡ 10 ಎಷ್ಟು?

ಗಾಂಧಿಬಜಾರ್_ಜಾಗರ್
😂 ಹಾಗೆ ಕೇಳಿದರೆ ಹೇಗೆ!

ಶೀಟ್_ಅಣ್ಣ
ಒಳ್ಳೆ ಪ್ರಶ್ನೆ. ಮೊದಲು 1.8 ಮತ್ತು 1.85ರ ಜಗಳ ಮುಗಿಸೋಣ. ಇಬ್ಬರದೂ ಸರಿ.

ನೀವು ಈ ವಾರದ 36ನ್ನು ಕೆಳಗಿನ ಸರಾಸರಿಯಲ್ಲೂ ಸೇರಿಸಿದ್ದೀರಿ. ಅಂದರೆ 36, 8, 0, 36 ಸೇರಿ 80, ಸರಾಸರಿ 20. 36ನ್ನು 20ರಿಂದ ಭಾಗಿಸಿದರೆ 1.8. ಗೆಳೆಯ ಈ ವಾರವನ್ನು ಹೊರಗಿಟ್ಟು ಹಿಂದಿನ ನಾಲ್ಕು ವಾರ ಮಾತ್ರ ತೆಗೆದುಕೊಂಡಿದ್ದಾರೆ. 34, 36, 8, 0 ಸೇರಿ 78, ಸರಾಸರಿ 19.5. ಅಲ್ಲಿಗೆ 1.85.

ಇಲ್ಲಿ ವ್ಯತ್ಯಾಸ ಸಣ್ಣದು, ಯಾವಾಗಲೂ ಹಾಗಿರುವುದಿಲ್ಲ. ನಿಮ್ಮ ವಿಧಾನದಲ್ಲಿ ಏನೇ ಮಾಡಿದರೂ 4ರ ಮೇಲೆ ಹೋಗುವುದಿಲ್ಲ. ಮೂರು ವಾರ ಸೊನ್ನೆ, ನಾಲ್ಕನೇ ವಾರ 100 ಕಿಮೀ ಓಡಿದರೂ ಸರಾಸರಿ 25 ಆಗಿ ಉತ್ತರ 4ಕ್ಕೆ ನಿಲ್ಲುತ್ತದೆ. ಮೇಲಿನ ಅಂಕಿಯೇ ಕೆಳಗೂ ಕೂತಿರುವುದರಿಂದ ಏರಿಕೆ ಇರುವುದಕ್ಕಿಂತ ಚಿಕ್ಕದಾಗಿ ಕಾಣುತ್ತದೆ. ಯಾವುದನ್ನು ಬೇಕಾದರೂ ಬಳಸಿ, ನಡುವೆ ಬದಲಾಯಿಸಬೇಡಿ.

ಇನ್ನು ವಾಚ್. ಅದು ಇವತ್ತಿನವರೆಗೆ ಆಗಿದ್ದನ್ನು ಮಾತ್ರ ನೋಡುತ್ತದೆ. ನೀವು ಈ ವಾರ 36 ಓಡಲಿದ್ದೀರಿ ಅಂತ ಅದಕ್ಕೆ ಗೊತ್ತಿಲ್ಲ. ಭಾನುವಾರ 16 ಕಿಮೀ ಮುಗಿಸಿ ಮನೆಗೆ ಬಂದ ಮೇಲೆ ಕೆಂಪು ತೋರಿಸುತ್ತದೆ. ಆಗ ಅದರಿಂದ ಏನು ಪ್ರಯೋಜನ? ಹಾಗಾಗಿ ನೀವು ಮಾಡಿದ್ದೇ ಸರಿ. ಓಡುವ ಮೊದಲು ಪ್ಲಾನಿನ ಅಂಕಿ ಹಾಕಿ ನೋಡಬೇಕು.

ಹೆಗ್ಡೆ_ಮಾವ
ಲೋಡ್ ಅಂದರೆ ಎಷ್ಟು ಕೆಜಿ? ನಾನು ಜಿಮ್‌ನಲ್ಲಿ ಲೆಗ್ ಪ್ರೆಸ್ 60 ಹಾಕುತ್ತೇನೆ. ಓಡುವವರಿಗೆ ಅದು ಸಾಕಾ?

ನಿಧಾನವೇ_ಪ್ರಧಾನ
ಮಾವ, ಇದು ಆ ಲೋಡ್ ಅಲ್ಲ. ಒಂದು ವಾರದಲ್ಲಿ ಕಾಲಿಗೆ ಎಷ್ಟು ಕೆಲಸ ಕೊಟ್ಟಿರಿ ಅನ್ನುವುದು. 60 ಒಳ್ಳೆಯದೇ, ಮುಂದುವರಿಸಿ.

ಹಳೇ_ವೇಗಿ
ಈ ಲೆಕ್ಕ ಓಟಗಾರರಿಗೆ ಹುಟ್ಟಿದ್ದೇ ಅಲ್ಲ ಸ್ವಾಮಿ. ಕ್ರಿಕೆಟ್‌ನಿಂದ ಬಂದದ್ದು. ಆಸ್ಟ್ರೇಲಿಯಾದಲ್ಲಿ ವೇಗದ ಬೌಲರ್‌ಗಳು ಒಂದು ವಾರದಲ್ಲಿ ಎಷ್ಟು ಎಸೆತ ಹಾಕಿದರು, ಹಿಂದಿನ ನಾಲ್ಕು ವಾರದ ಸರಾಸರಿ ಎಷ್ಟು ಅಂತ ಹೋಲಿಸಿ 2014ರಲ್ಲಿ ಒಂದು ಅಧ್ಯಯನ ಬಂತು. ಟಿಮ್ ಗ್ಯಾಬೆಟ್ ಅನ್ನುವವರು 2016ರಲ್ಲಿ ಅದನ್ನೂ ರಗ್ಬಿ ಲೆಕ್ಕವನ್ನೂ ಸೇರಿಸಿ 0.8ರಿಂದ 1.3 ಒಳ್ಳೆ ಜಾಗ, 1.5ರ ಮೇಲೆ ಅಪಾಯ ಅಂದರು. ಅಲ್ಲಿಂದ ಎಲ್ಲ ಆಟಕ್ಕೂ ಹಬ್ಬಿತು.

ನಾನು ಜಿಲ್ಲಾ ಮಟ್ಟದಲ್ಲಿ ಬೌಲಿಂಗ್ ಮಾಡುತ್ತಿದ್ದವನು. ಪರೀಕ್ಷೆ ಅಂತ ಒಂದು ತಿಂಗಳು ಚೆಂಡು ಮುಟ್ಟಿರಲಿಲ್ಲ. ಬಂದ ವಾರವೇ ಎರಡು ಮ್ಯಾಚ್, 30ಕ್ಕೂ ಜಾಸ್ತಿ ಓವರ್. ಆ ವಾರ ಏನೂ ಆಗಲಿಲ್ಲ. ಎರಡು ವಾರ ಬಿಟ್ಟು ಬೆನ್ನು ಹಿಡಿಯಿತು. ಆಗ ಯಾರೂ ಆ ಎರಡು ಮ್ಯಾಚನ್ನು ದೂರಲಿಲ್ಲ. ಹಾಸಿಗೆ ಸರಿಯಿಲ್ಲ ಅಂದರು ನಮ್ಮಮ್ಮ. ಅದಕ್ಕೇ ಹೇಳುವುದು, ಈ ವಾರ ನೋವಿಲ್ಲ ಅನ್ನುವುದರಿಂದ ಏನೂ ಸಾಬೀತಾಗುವುದಿಲ್ಲ.

ಮೊಣಕಾಲು_ಡಾಕ್ಟರಮ್ಮ
ಹಳೇ_ವೇಗಿ ಸರ್ ಹೇಳಿದ್ದನ್ನು ನಾನು ಕ್ಲಿನಿಕ್‌ನಲ್ಲಿ ವಾರಕ್ಕೆ ಒಂದು ಸಲವಾದರೂ ನೋಡುತ್ತೇನೆ (ನಾನು ಫಿಸಿಯೋ, ಡಾಕ್ಟರ್ ಅಲ್ಲ. ಹೆಸರು ಗೆಳತಿಯರು ಇಟ್ಟದ್ದು). ಉಸಿರು, ಹೃದಯ ಬೇಗ ಹಳೇ ಲಯಕ್ಕೆ ಬರುತ್ತವೆ. ಮೂಳೆ, ಸ್ನಾಯುರಜ್ಜು ನಿಧಾನ. ಅದಕ್ಕೇ ಎರಡನೇ ವಾರದಲ್ಲಿ "ಅಯ್ಯೋ ನಾನು ಆರಾಮಾಗಿ ಓಡುತ್ತಿದ್ದೇನೆ" ಅನ್ನಿಸುತ್ತದೆ, ನಾಲ್ಕನೇ ವಾರದಲ್ಲಿ ನಮ್ಮ ಬಾಗಿಲಿಗೆ ಬರುತ್ತಾರೆ.

ಒಂದು ಗುರುತು ಹೇಳುತ್ತೇನೆ. ಮೊಣಕಾಲಿನ ಕೆಳಗೆ ಮುಂಗಾಲು ಮೂಳೆಯುದ್ದಕ್ಕೂ ಹರಡಿದ ನೋವು ಬೇರೆ, ಒಂದೇ ಬೆರಳಿನಿಂದ ತೋರಿಸಬಹುದಾದ ಜಾಗದಲ್ಲಿ ಒತ್ತಿದರೆ ಚುರುಕ್ ಅನ್ನುವ ನೋವು ಬೇರೆ. ಎರಡನೆಯದು, ಅದರಲ್ಲೂ ರಾತ್ರಿ ಮಲಗಿದಾಗಲೂ ಇದ್ದರೆ, ಓಡಬೇಡಿ, ತೋರಿಸಿ. ಮೊದಲ ಎರಡು ಮೂರು ವಾರ ಎಕ್ಸ್‌ರೇಯಲ್ಲಿ ಬಿರುಕು ಕಾಣದೆ ಇರಬಹುದು. "ಎಕ್ಸ್‌ರೇ ಕ್ಲೀನ್ ಇದೆ" ಅಂತ ಓಡಿ ಮೂಳೆ ಪೂರ್ತಿ ಮುರಿದುಕೊಂಡವರನ್ನು ನೋಡಿದ್ದೇನೆ.

ಕುಕ್ಕರಹಳ್ಳಿ_ಸುತ್ತು
ಹೆದರಿಸಿಬಿಟ್ಟಿರಿ ಮೇಡಂ. ಸರಿ, 36 ಬಿಟ್ಟೆ. ಹಾಗಾದರೆ 1.3ಕ್ಕೆ ನಿಲ್ಲಿಸೋಣ. 19.5 ಗುಣಿಸು 1.3, ಸುಮಾರು 25. ಈ ವಾರ 25 ಓಡಿ, ಪ್ರತಿ ವಾರವೂ ಹೀಗೆಯೇ 1.3ರ ಲೆಕ್ಕದಲ್ಲಿ ಏರಿಸುತ್ತಾ ಹೋದರೆ ಆಯಿತಲ್ಲ?

ಎಂಜಿನಿಯರ್_ಗೌಡ್ರು
ಒಂದು ನಿಮಿಷ. ಮುಂದಿನ ವಾರದ್ದು ಹಾಕಿ ನೋಡಿದಿರಾ? ಹಳೇ 34 ಲೆಕ್ಕದಿಂದ ಆಚೆ ಹೋಗುತ್ತದೆ. ಉಳಿದಿದ್ದು 36, 8, 0, 25. ಸರಾಸರಿ 17.25. ಅದಕ್ಕೆ 1.3 ಅಂದರೆ 22. ಅದರ ಮುಂದಿನ ವಾರ 8, 0, 25, 22. ಸರಾಸರಿ 13.75. ಅದಕ್ಕೆ 1.3 ಅಂದರೆ 18 ಕಿಮೀ!

25, 22, 18. ನಿಯಮ ಪಾಲಿಸಿದರೆ ಮೂರನೇ ವಾರದ ತನಕ ವಾರ ವಾರಕ್ಕೂ ಕಡಿಮೆ ಓಡಬೇಕು. ನಾಲ್ಕನೇ ವಾರವೂ 21ಕ್ಕೇ, ಮೊದಲ ವಾರದ 25 ದಾಟುವುದು ಐದನೇ ವಾರದಲ್ಲಿ.

ಕುಕ್ಕರಹಳ್ಳಿ_ಸುತ್ತು
ಅಯ್ಯೋ ಹೌದಲ್ಲ! ಈಗಷ್ಟೇ ಶೀಟ್‌ನಲ್ಲಿ ಎಳೆದು ನೋಡಿದೆ. ಇದೇನು ಹುಚ್ಚು ಲೆಕ್ಕ?

ಶೀಟ್_ಅಣ್ಣ
ಗೌಡ್ರೇ, ಇದೇ ಅದರ ದೊಡ್ಡ ದೋಷ. ನಾಲ್ಕು ವಾರದ ಸರಾಸರಿ ಅನ್ನುವುದು ಕಿಟಕಿ ಇದ್ದ ಹಾಗೆ. 28ನೇ ದಿನ ಓಡಿದ್ದಕ್ಕೂ ನಿನ್ನೆ ಓಡಿದ್ದಕ್ಕೂ ಒಂದೇ ಬೆಲೆ. 29ನೇ ದಿನದ್ದಕ್ಕೆ ಬೆಲೆಯೇ ಇಲ್ಲ. ದೇಹ ಹಾಗೆ ಮರೆಯುವುದಿಲ್ಲ, ನಿಧಾನವಾಗಿ ಮರೆಯುತ್ತದೆ.

ನಾನಾದರೆ ಜ್ವರದಿಂದ ಎದ್ದವರಿಗೆ 24, 28, 32, 36 ಅಂತ ನಾಲ್ಕು ವಾರ ಕೊಡುತ್ತೇನೆ. ಯಾವ ಕೋಚ್ ಕೇಳಿದರೂ ಇದನ್ನು ಹುಚ್ಚು ಅನ್ನಲಾರರು. ಆದರೆ ಗೆಳೆಯರ ವಿಧಾನದಲ್ಲಿ ಮೂರನೇ ವಾರ ಹಿಂದಿನ ಸರಾಸರಿ 15, ಓಟ 32, ಅನುಪಾತ 2.1! ಕಡುಗೆಂಪು.

ಇದಕ್ಕೆ ಹಳೆಯ ದಿನಗಳ ಬೆಲೆಯನ್ನು ದಿನದಿನಕ್ಕೆ ಕರಗಿಸುತ್ತಾ ಹೋಗುವ ವಿಧಾನ ಇದೆ. ಬಿ ಕಾಲಮ್‌ನಲ್ಲಿ ಪ್ರತಿ ದಿನದ ಕಿಮೀ ಹಾಕಿ, ಓಡದ ದಿನ 0 ಹಾಕಲೇಬೇಕು, ಖಾಲಿ ಬಿಡಬೇಡಿ. ಎರಡನೇ ಸಾಲಿನ ಸಿ ಮತ್ತು ಡಿಯಲ್ಲಿ ಜ್ವರಕ್ಕೆ ಮುಂಚಿನ ನಿಮ್ಮ ದಿನದ ಸರಾಸರಿ ಬರೆಯಿರಿ, ಅಂದರೆ 34ನ್ನು 7ರಿಂದ ಭಾಗಿಸಿ 4.86. ಮೂರನೇ ಸಾಲಿನಿಂದ ಇದು:

```
C3: =B3*0.25 + C2*0.75
D3: =B3*0.069 + D2*0.931
E3: =C3/D3
```

ಸಿ ಈ ವಾರದ ದಣಿವು, ಡಿ ತಿಂಗಳ ಅಭ್ಯಾಸ, ಇ ಅನುಪಾತ. 0.25 ಎಲ್ಲಿಂದ ಬಂತು ಅಂದರೆ 2ನ್ನು 7+1ರಿಂದ ಭಾಗಿಸಿದ್ದು. 0.069 ಅಂದರೆ 2ನ್ನು 28+1ರಿಂದ ಭಾಗಿಸಿದ್ದು.

ವಾರದ ಕಿಮೀಯನ್ನು ಏಳು ದಿನಕ್ಕೂ ಸಮವಾಗಿ ಹಂಚಿ ಇದರಲ್ಲಿ ಅದೇ 24, 28, 32, 36 ಹಾಕಿದೆ. ನಾಲ್ಕೂ ವಾರದ ಕೊನೆಯಲ್ಲಿ 1.14ರಿಂದ 1.22ರ ಒಳಗೇ ಬಂತು.

ಎಂಜಿನಿಯರ್_ಗೌಡ್ರು
ಚೆನ್ನಾಗಿದೆ. ನಾನೂ ನಿಮ್ಮ ಫಾರ್ಮುಲಾದಲ್ಲಿ ಹಾಗೆಯೇ ಸಮವಾಗಿ ಹಂಚಿ, ಮೊದಲ ವಾರವೇ 36 ಹಾಕಿದೆ. ಎಷ್ಟು ಬಂತು ಗೊತ್ತಾ? 1.36. ಒಂದು ಫಾರ್ಮುಲಾದಲ್ಲಿ 1.85, ಇನ್ನೊಂದರಲ್ಲಿ 1.36. ಅದೇ ಕಾಲು, ಅದೇ ರಸ್ತೆ. ನಮಗೆ ಬೇಕಾದ ಉತ್ತರ ಬರುವ ತನಕ ಫಾರ್ಮುಲಾ ಬದಲಾಯಿಸಿದ ಹಾಗಾಯಿತು. ಜಾತಕ ಹೊಂದದಿದ್ದರೆ ಬೇರೆ ಜೋಯಿಸರ ಹತ್ತಿರ ಹೋಗುತ್ತಾರಲ್ಲ, ಹಾಗೆ.

ಶೀಟ್_ಅಣ್ಣ
ಒಪ್ಪುತ್ತೇನೆ. 1.3, 1.5 ಅನ್ನುವ ಗೆರೆಗಳು ಕಿಟಕಿ ವಿಧಾನದಲ್ಲಿ ಎಳೆದವು. ಅದೇ ಗೆರೆಯನ್ನು ಕರಗುವ ವಿಧಾನದ ಮೇಲೆ ಇಡುವುದು ತಪ್ಪು. ಇದರಲ್ಲಿ ಇವತ್ತಿನ ಓಟ ಮೇಲೂ ಕೆಳಗೂ ಎರಡು ಕಡೆ ಇದೆ, ಹಾಗಾಗಿ ಏರಿಕೆ ಮೆತ್ತಗೆ ಕಾಣುತ್ತದೆ. ನಾನು ಇದರಲ್ಲಿ 1.25ಕ್ಕೇ ಎಚ್ಚರವಾಗುತ್ತೇನೆ. ಅದು ನನ್ನ ಐದು ವರ್ಷದ ಡೈರಿ ನೋಡಿ ಹಾಕಿಕೊಂಡ ಗೆರೆ, ನಿಮಗೆ ಹೊಂದುತ್ತದೆ ಅಂತ ಹೇಳಲಾರೆ.

ಗಾಂಧಿಬಜಾರ್_ಜಾಗರ್
ನೋಡಿ, ಅದಕ್ಕೇ ನಾನು ಹೇಳಿದ್ದು, ಶೇಕಡ 10 ಸಾಕು ಅಂತ. ತಲೆನೋವಿಲ್ಲ.

ಮೊಣಕಾಲು_ಡಾಕ್ಟರಮ್ಮ
ಜಾಗರ್ ಅವರೇ, ಅದನ್ನು ನೆದರ್‌ಲ್ಯಾಂಡ್ಸ್‌ನಲ್ಲಿ ಹೊಸ ಓಟಗಾರರ ಮೇಲೆ ಪರೀಕ್ಷೆ ಮಾಡಿ 2008ರಲ್ಲಿ ಪ್ರಕಟಿಸಿದ್ದಾರೆ. ಒಂದು ಗುಂಪು 13 ವಾರ ಶೇಕಡ 10ರ ಲೆಕ್ಕದಲ್ಲಿ ನಿಧಾನ ಏರಿಸಿತು, ಇನ್ನೊಂದು 8 ವಾರದಲ್ಲಿ ಬೇಗ ಏರಿಸಿತು. ಎರಡರಲ್ಲೂ ಸುಮಾರು ಐವರಲ್ಲಿ ಒಬ್ಬರಿಗೆ ಗಾಯ. ವ್ಯತ್ಯಾಸವೇ ಇಲ್ಲ. ರೂಲ್ ಕೆಟ್ಟದ್ದು ಅನ್ನುತ್ತಿಲ್ಲ, ಚರ್ಚೆಯೇ ಬೇಡ ಅಂದಿರಲ್ಲ, ಅದಕ್ಕೆ ಹೇಳಿದೆ.

ಗಾಂಧಿಬಜಾರ್_ಜಾಗರ್
ನನಗೆ ಹತ್ತು ವರ್ಷದಿಂದ ಏನೂ ಆಗಿಲ್ಲ. ನನ್ನ ಅಧ್ಯಯನ ಅದು.

ಪಣಂಬೂರ್_ಬೀಚ್
ಮಧ್ಯೆ ಬಾಯಿ ಹಾಕುತ್ತಿದ್ದೇನೆ, ಕ್ಷಮಿಸಿ. ನೀವೆಲ್ಲ ಕಿಮೀ ಲೆಕ್ಕ ಹಾಕುತ್ತಿದ್ದೀರಿ. ವಾಚಿನ ಲೋಡ್ ಕಿಮೀ ಅಲ್ಲ, ಹೃದಯ ಬಡಿತದ ಮೇಲೆ ಹಾಕಿದ್ದು. ನಮ್ಮ ಮಂಗಳೂರಿನಲ್ಲಿ ಏಪ್ರಿಲ್, ಮೇನಲ್ಲಿ ಬೆಳಿಗ್ಗೆ ಆರಕ್ಕೇ ಬೆವರು ಸುರಿಯುತ್ತದೆ. ಜನವರಿಯಲ್ಲಿ ಓಡಿದ ಅದೇ 8 ಕಿಮೀಗೆ, ಅದೇ ವೇಗಕ್ಕೆ, ಬಡಿತ ಜಾಸ್ತಿ, ಲೋಡ್ ಜಾಸ್ತಿ. ಕಾಲಿಗೆ ಬಿದ್ದ ಪೆಟ್ಟು ಅಷ್ಟೇ. ಕಳೆದ ವರ್ಷ ವಾಚ್ ಕೆಂಪು ತೋರಿಸಿತು ಅಂತ ಮೂರು ವಾರ ಸುಮ್ನೆ ಕೂತೆ.

ಬೆಟ್ಟದ_ಹುಚ್ಚಿ
ನನ್ನದು ಇದಕ್ಕೆ ಉಲ್ಟಾ. ಚಾಮುಂಡಿ ಬೆಟ್ಟಕ್ಕೆ ಬಸ್ಸಿನಲ್ಲಿ ಹೋಗಿ ರಸ್ತೆಯಲ್ಲಿ ಓಡಿಕೊಂಡು ಇಳಿದೆ, ಎರಡು ಸಲ. ಇಳಿಜಾರಲ್ಲವಾ, ಬಡಿತ ಏರಲೇ ಇಲ್ಲ. ವಾಚ್ "ರಿಕವರಿ" ಅಂತ ಹಾಕಿತು. ಮೂರು ದಿನ ಮನೆ ಮೆಟ್ಟಿಲು ಹಿಮ್ಮುಖವಾಗಿ ಇಳಿದೆ. ತೊಡೆ ಮುಟ್ಟಲು ಆಗುತ್ತಿರಲಿಲ್ಲ.

ಶೀಟ್_ಅಣ್ಣ
ಇವೆರಡೂ ಒಳ್ಳೆ ಉದಾಹರಣೆ. ಅದಕ್ಕೇ ನಾನು ಎರಡು ಶೀಟ್ ಇಡುತ್ತೇನೆ. ಒಂದು ಕಿಮೀ, ಅದು ಕಾಲಿಗೆ. ಇನ್ನೊಂದು ಓಡಿದ ನಿಮಿಷಕ್ಕೆ, ಎಷ್ಟು ಕಷ್ಟವಾಯಿತು ಅಂತ ನಾನೇ 10ಕ್ಕೆ ಕೊಟ್ಟ ಅಂಕವನ್ನು ಗುಣಿಸಿದ್ದು, ಅದು ಇಡೀ ಮೈಗೆ. 50 ನಿಮಿಷ, ಕಷ್ಟ 4 ಅಂದರೆ 200. ಎರಡೂ ಒಟ್ಟಿಗೆ ಜಿಗಿದರೆ ನಿಜಕ್ಕೂ ನಿಲ್ಲುತ್ತೇನೆ. ಇಳಿಜಾರು ಮಾತ್ರ ಎರಡರಲ್ಲೂ ಸರಿಯಾಗಿ ಬರುವುದಿಲ್ಲ. ಅದನ್ನು ಪಕ್ಕದಲ್ಲಿ ಕೈಯಲ್ಲೇ ಬರೆಯುವುದು.

ಹಸಿರು_ನಂಬಿ_ಕೆಟ್ಟೆ
ಬಹಳ ದಿನದಿಂದ ಓದುತ್ತಿದ್ದೆ, ಇವತ್ತು ಬರೆಯಲೇಬೇಕು ಅನ್ನಿಸಿತು. ನೀವೆಲ್ಲ ವಾರ ವಾರ ಅನ್ನುತ್ತಿದ್ದೀರಿ. ನನಗೆ ಪೆಟ್ಟು ಬಿದ್ದದ್ದು ಒಂದು ದಿನದಲ್ಲಿ.

ಹಾಫ್ ಮ್ಯಾರಥಾನ್‌ಗೆ ಮುಂಚಿನ ನಾಲ್ಕು ವಾರ 30, 30, 28, 22. ರೇಸ್ ವಾರ ಸಣ್ಣದಾಗಿ 4 ಮತ್ತು 4, ಭಾನುವಾರ 21. ಒಟ್ಟು 29. ಸರಾಸರಿ 27.5. ಅನುಪಾತ 1.05. ಇದಕ್ಕಿಂತ ಹಸಿರು ಇರಲು ಸಾಧ್ಯವೇ? ಆದರೆ ಆ ತಿಂಗಳಲ್ಲಿ ನಾನು ಒಂದೇ ಸಲ ಓಡಿದ ಅತಿ ಉದ್ದದ ಓಟ 12 ಕಿಮೀ. ಅಲ್ಲಿಂದ ನೇರ 21. ಹತ್ತು ದಿನದ ಮೇಲೆ ಪಾದದ ಮೇಲ್ಭಾಗ ಊದಿಕೊಂಡಿತು. ಸ್ಟ್ರೆಸ್ ಫ್ರಾಕ್ಚರ್. ಆರು ವಾರ ಪಾದ ಅಲುಗದಂತೆ ಹಿಡಿಯುವ ಬೂಟು ಹಾಕಿಕೊಂಡು ಆಫೀಸಿಗೆ ಹೋದೆ. ಶೀಟ್ ಇವತ್ತಿಗೂ 1.05 ಅನ್ನುತ್ತದೆ.

ಮೊಣಕಾಲು_ಡಾಕ್ಟರಮ್ಮ
ನಾನು ಇದನ್ನೇ ಹೇಳಲು ಬರುತ್ತಿದ್ದೆ. 2025ರಲ್ಲಿ 5,200 ಓಟಗಾರರ ವಾಚ್ ಡೇಟಾ ಇಟ್ಟುಕೊಂಡು ಒಂದು ದೊಡ್ಡ ಅಧ್ಯಯನ ಬಂತು. ಹಿಂದಿನ 30 ದಿನದ ಅತಿ ಉದ್ದದ ಓಟಕ್ಕಿಂತ ಶೇಕಡ 10ಕ್ಕೂ ಜಾಸ್ತಿ ದೂರ ಒಂದೇ ಸಲ ಓಡಿದರೆ ಗಾಯದ ಸಾಧ್ಯತೆ ಏರುತ್ತದೆ, ಎರಡರಷ್ಟು ದಾಟಿದರೆ ಇನ್ನೂ ಜಾಸ್ತಿ. ವಾರದಿಂದ ವಾರಕ್ಕೆ ಏರಿಸುವುದಕ್ಕೂ ಗಾಯಕ್ಕೂ ಅಂಥ ನಂಟು ಕಾಣಲಿಲ್ಲ. ಅನುಪಾತವಂತೂ ಜಾಸ್ತಿಯಾದಷ್ಟೂ ಗಾಯ ಕಡಿಮೆ ಅನ್ನುವ ಹಾಗೆ ಉಲ್ಟಾ ಬಂತು.

ಎಂಜಿನಿಯರ್_ಗೌಡ್ರು
ಹಾಗಾದರೆ ಈ ಇಡೀ ಥ್ರೆಡ್ ವೇಸ್ಟಾ? 😀

ಶೀಟ್_ಅಣ್ಣ
ಇಲ್ಲ ಅನ್ನುತ್ತೇನೆ. ನೋವು ಶುರುವಾದವರು ಆ ವಾರ ತಾವೇ ಕಡಿಮೆ ಓಡಿರುತ್ತಾರೆ, ಅನುಪಾತ ಇಳಿಯುತ್ತದೆ, ಆಮೇಲೆ ಗಾಯ ಅಂತ ದಾಖಲಾಗುತ್ತದೆ. ಉಲ್ಟಾ ಬರಲು ಅದೂ ಕಾರಣ ಇರಬಹುದು, ಇದು ನನ್ನ ಊಹೆ. ಮತ್ತೆ ಆ 30 ದಿನದ ರೂಲ್‌ಗೂ ಕಿಟಕಿ ಇದೆ. ಕುಕ್ಕರಹಳ್ಳಿ ಅವರೇ, ಆ 36ರ ವಾರದಲ್ಲಿ ನಿಮ್ಮ ಉದ್ದದ ಓಟ ಎಷ್ಟಿತ್ತು?

ಕುಕ್ಕರಹಳ್ಳಿ_ಸುತ್ತು
14. ಭಾನುವಾರ.

ಶೀಟ್_ಅಣ್ಣ
ನೋಡಿ. ಈ ಭಾನುವಾರಕ್ಕೆ ಅದು 21 ದಿನ ಹಳೆಯದು, 30ರ ಒಳಗೇ ಇದೆ. ಅಂದರೆ ಆ ರೂಲ್ ಪ್ರಕಾರ ನೀವು ಈ ಭಾನುವಾರ 15.4 ಕಿಮೀ ಓಡಬಹುದು! ಮಧ್ಯೆ ಜ್ವರ ಬಂದು ಎರಡು ವಾರ ಮಲಗಿದ್ದು ಅದಕ್ಕೆ ಕಾಣುವುದೇ ಇಲ್ಲ. ಅದನ್ನು ಕಂಡದ್ದು ವಾರದ ಅನುಪಾತ. ಹಸಿರು_ನಂಬಿ ಅವರ 21 ಕಿಮೀ ಅನುಪಾತಕ್ಕೆ ಕಾಣಲಿಲ್ಲ, ಉದ್ದದ ಓಟದ ರೂಲ್‌ಗೆ ಕಾಣುತ್ತಿತ್ತು. ಅದಕ್ಕೇ ಎರಡನ್ನೂ ಕೇಳಿ, ಯಾವುದು ಕಡಿಮೆ ಹೇಳುತ್ತದೋ ಅದನ್ನು ಪಾಲಿಸಿ. ಈ ವಾರ 5, 5, 6, ಭಾನುವಾರ 8. ಒಟ್ಟು 24. ವೇಗದ ಓಟ ಬೇಡ.

ಎಂಜಿನಿಯರ್_ಗೌಡ್ರು
24 ಯಾವ ಫಾರ್ಮುಲಾದಿಂದ ಬಂತು ಅಣ್ಣ?

ಶೀಟ್_ಅಣ್ಣ
ಯಾವುದರಿಂದಲೂ ಅಲ್ಲ. ಮೊದಲಿದ್ದದ್ದರ ಮೂರನೇ ಎರಡು ಭಾಗ. ನಮ್ಮ ಹಳೇ ಕೋಚ್ ಜ್ವರದವರಿಗೆ ಹೇಳುತ್ತಿದ್ದುದು. ಶೀಟ್‌ನಲ್ಲಿ ಹಾಕಿ ಪರೀಕ್ಷೆ ಮಾಡಿದೆ ಅಷ್ಟೆ.

ಎಂಜಿನಿಯರ್_ಗೌಡ್ರು
ಹಾಗಾದರೆ ಪ್ಲಾನ್ ಕೋಚ್‌ದು, ಶೀಟ್ ಬರೀ ಸಾಕ್ಷಿ ಸಹಿ.

ಶೀಟ್_ಅಣ್ಣ
ಹೌದು ಅಂತಲೇ ಇಟ್ಟುಕೊಳ್ಳಿ.

ದುಬೈ_ಕನ್ನಡಿಗ
ಒಂದು ಸಣ್ಣ ವಿಷಯ. ಬೇಸಿಗೆಯಲ್ಲಿ ನಾವಿಲ್ಲಿ ಟ್ರೆಡ್‌ಮಿಲ್ ಮೇಲೆಯೇ. ನನ್ನ ವಾಚ್ 10 ಕಿಮೀಯನ್ನು 8.5 ಅಂತ ಬರೆಯುತ್ತಿತ್ತು. ಮೂರು ತಿಂಗಳು ಹಾಗೇ ಬಿಟ್ಟೆ. ಚಳಿಗಾಲದಲ್ಲಿ ಹೊರಗೆ ಓಡಿದ ಮೊದಲ ವಾರವೇ ಲೋಡ್ ಜಿಗಿದಿದೆ ಅಂತ ಶೀಟ್ ಬೊಬ್ಬೆ ಹಾಕಿತು. ಓಡಿದ್ದು ಅಷ್ಟೇ. ಶೀಟ್‌ಗೆ ಹಾಕುವ ಮೊದಲು ಟ್ರೆಡ್‌ಮಿಲ್ ಅಂಕಿ ತಿದ್ದಿಕೊಳ್ಳಿ.

ಹೆಗ್ಡೆ_ಮಾವ
ಎಲ್ಲ ಓದಿದೆ. ನನ್ನ ಲೆಗ್ ಪ್ರೆಸ್ ಯಾವ ಕಾಲಮ್‌ನಲ್ಲಿ ಹಾಕಬೇಕು?

ನಿಧಾನವೇ_ಪ್ರಧಾನ
ಮಾವ, ಶೀಟ್_ಅಣ್ಣನ ಎರಡನೇ ಶೀಟ್‌ನಲ್ಲಿ ಹಾಕಿ. ನಿಮಿಷ ಗುಣಿಸು ಕಷ್ಟ. ತಮಾಷೆಯಲ್ಲ, ನಿಜವಾಗಿಯೂ.

ಕುಕ್ಕರಹಳ್ಳಿ_ಸುತ್ತು
ಎಂಟು ದಿನದ ನಂತರ ವರದಿ. 5, 5, 6 ಸರಿಯಾಗಿ ಮುಗಿಯಿತು. ಭಾನುವಾರ 8ರ ಬದಲು 9 ಆಯಿತು. ಕೆರೆ ಸುತ್ತುವಾಗ ಹಳೇ ಮೇಷ್ಟ್ರು ಸಿಕ್ಕಿ ಮಾತಾಡುತ್ತಾ ಹೋದೆವು. ಒಟ್ಟು 25. ಮುಂಗಾಲಿನಲ್ಲಿ ಬೆರಳಿಟ್ಟು ಒತ್ತಿ ನೋಡಿದೆ, ಏನೂ ಇಲ್ಲ. ಆದರೆ ಬುಧವಾರದ ಆರಾಮದ ಓಟದಲ್ಲೇ ಬಡಿತ ಮೊದಲಿಗಿಂತ 10-12 ಜಾಸ್ತಿ ಇತ್ತು. 36 ಹಾಕಿದ್ದರೆ ಏನಾಗುತ್ತಿತ್ತೋ.

ವಾಚ್ ಮಾತ್ರ "ಅನ್‌ಪ್ರೊಡಕ್ಟಿವ್" ಅಂತ ಬೈದಿದೆ.

ಈಗ ಹೊಸ ತಲೆಬಿಸಿ. ಇನ್ನು ಆರು ವಾರ ಇದೆ. ಉದ್ದದ ಓಟ 9ರಿಂದ ಪ್ರತಿ ವಾರ ಶೇಕಡ 10 ಏರಿಸಿದರೆ ರೇಸ್ ಹಿಂದಿನ ಭಾನುವಾರ 14.5 ಕಿಮೀ ಮುಟ್ಟುತ್ತೇನೆ. 21ಕ್ಕೆ ಸಾಕಾಗುವುದಿಲ್ಲ. ಹಳೇ 14ರಿಂದ ಲೆಕ್ಕ ಹಿಡಿಯಲಾ?

ಹಸಿರು_ನಂಬಿ_ಕೆಟ್ಟೆ
10 ಕಿಮೀ ರೇಸ್‌ಗೆ ಹೆಸರು ಬದಲಾಯಿಸಿಕೊಳ್ಳಲು ಆಗುತ್ತದಾ ನೋಡಿ. ನಾನು ಅದನ್ನೇ ಮಾಡಬೇಕಿತ್ತು.

ರಾಗಿಮುದ್ದೆ_ಪವರ್
ಹೆಸರು ಯಾಕೆ ಬದಲಾಯಿಸಬೇಕು? 14 ಓಡಿ, ಉಳಿದ 7 ನಡೆಯಿರಿ. ನಮ್ಮ ತಾತ…

ಶೀಟ್_ಅಣ್ಣ
ಈ ಸಲ ತಾತನ ಮಾತಿನಲ್ಲಿ ಅರ್ಥ ಇದೆ. ಓಡಿ-ನಡೆದು ಮಾಡಿದರೆ ಕಟ್-ಆಫ್ ಸಮಯದೊಳಗೆ ಮುಗಿಯುತ್ತದಾ, ಅದನ್ನು ಮೊದಲು ನೋಡಿ. ಎಷ್ಟು ಗಂಟೆ ಕೊಟ್ಟಿದ್ದಾರೆ?